ನರಹುಲಿ ಹಾಗೇ ಇದೆ, ಸುತ್ತಲಿನ ಚರ್ಮ ಸುಟ್ಟಿದೆ

ಹಿಮ್ಮಡಿಯಲ್ಲಿ ಕಡಲೆಕಾಳಿನಷ್ಟು ನರಹುಲಿ ಇದ್ದ ಯುವಕನೊಬ್ಬ ಐದು ವಾರ ಬಿಡದೆ ಸ್ಯಾಲಿಸಿಲಿಕ್ ಆಮ್ಲದ ಪೇಂಟ್ ಹಚ್ಚಿ ನನ್ನ ಬಳಿ ಬಂದ. ಮಧ್ಯದಲ್ಲಿ ಸುಣ್ಣ ಬಳಿದಂತೆ ದಪ್ಪ ಬಿಳಿ ಪದರ, ಸುತ್ತ ಕೆಂಪಾಗಿ ಉರಿಯುವ ಉಂಗುರ. ಪದರ ತೆಗೆದು ನೋಡಿದರೆ ನರಹುಲಿ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ದಿನವೂ ಹಚ್ಚಿದ್ದು ನಿಜ, ಆದರೆ ನಿನ್ನೆಯ ಪದರದ ಮೇಲೆ ಇಂದಿನದನ್ನು ಹಚ್ಚಿದ್ದ.

ಈ ಆಮ್ಲ ನರಹುಲಿಗೆ ಕಾರಣವಾದ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಗಟ್ಟಿಚರ್ಮದ ಕೋಶಗಳನ್ನು ಹಿಡಿದಿಟ್ಟಿರುವ ಅಂಟನ್ನು ಸಡಿಲಿಸಿ, ಸೋಂಕು ತಗುಲಿದ ಚರ್ಮವನ್ನು ಪದರ ಪದರವಾಗಿ ಬಿಡಿಸುತ್ತದೆ. ಸತ್ತ ಪದರವನ್ನು ತೆಗೆಯದಿದ್ದರೆ ಮರುದಿನದ ಔಷಧಿ ಅದರಲ್ಲೇ ನಿಲ್ಲುತ್ತದೆ, ಅಂಚಿನಿಂದ ಹರಿದದ್ದು ಪಕ್ಕದ ತೆಳು ಚರ್ಮವನ್ನು ಸುಡುತ್ತದೆ.

ಅವನಿಗೆ ಮೊದಲು ಹೇಳಿದ್ದು ಔಷಧಿ ನಿಲ್ಲಿಸಲು. ನಾಲ್ಕು ದಿನದಲ್ಲಿ ಉರಿ ಇಳಿದ ಮೇಲೆ ಹೊಸದಾಗಿ ಆರಂಭಿಸಿದೆವು. ರಾತ್ರಿ ಮಲಗುವ ಮುನ್ನ ಪಾದವನ್ನು ಐದರಿಂದ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು, ಹಿಂದಿನ ದಿನದ ಔಷಧಿ ಒಣಗಿ ಕಟ್ಟಿದ ಪೊರೆಯನ್ನು ಸುಲಿಯಬೇಕು. ಆಮೇಲೆ ಉಗುರು ಉಜ್ಜುವ ಅರದ ಪಟ್ಟಿಯಿಂದ ಬಿಳಿಯ, ಮೆತ್ತಗಾದ ಭಾಗವನ್ನಷ್ಟೇ ಉಜ್ಜಬೇಕು. ನೋವು ಶುರುವಾದರೆ ಅಥವಾ ಸೂಜಿಮೊನೆಯಷ್ಟು ರಕ್ತ ಕಂಡರೆ ಅಲ್ಲಿಗೆ ಸಾಕು, ಆ ರಾತ್ರಿ ಔಷಧಿಯೂ ಬೇಡ. ಒಳಗೆ ಕಾಣುವ ಕಪ್ಪು ಚುಕ್ಕಿಗಳನ್ನು ಜನ ‘ಬೇರು’ ಎಂದು ಬ್ಲೇಡಿನಿಂದ ಕೆದಕುತ್ತಾರೆ. ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ಅಷ್ಟೇ. ಆ ಪಟ್ಟಿಯನ್ನು ಉಗುರಿಗಾಗಲಿ, ಬೇರೆಯವರಿಗಾಗಲಿ ಬಳಸಬಾರದು. ಸೋಂಕು ಅದರ ಮೂಲಕವೂ ದಾಟಬಹುದು.

ಪಾದವನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆ ವ್ಯಾಸಲೀನ್. ನರಹುಲಿಯ ಸುತ್ತ ಉಂಗುರದಂತೆ ತೆಳುವಾಗಿ ಬಳಿಯಬೇಕು. ಜಿಡ್ಡು ನರಹುಲಿಯ ಮೇಲೆ ಬಿದ್ದರೆ ಔಷಧಿ ಅಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಹತ್ತಿಕಡ್ಡಿಯಿಂದ ಹಚ್ಚುವುದು ವಾಸಿ. ಆಮೇಲೆ ನರಹುಲಿಯ ಮೇಲೆ ಔಷಧಿ. ಬಾಟಲಿಯೊಂದಿಗೆ ಬರುವ ಕುಂಚ ಹಿಮ್ಮಡಿಗೆ ಸರಿ, ಬೆರಳಿನ ಸಣ್ಣ ನರಹುಲಿಗೆ ತೀರಾ ದೊಡ್ಡದು. ಅಲ್ಲಿ ಬೆಂಕಿಕಡ್ಡಿಯ ಹಿಂತುದಿಯಿಂದ ಒಂದು ಹನಿ ಇಟ್ಟರೆ ಸಾಕು. ಒಣಗಿದಾಗ ಪೊರೆ ಕಟ್ಟುತ್ತದೆ. ಪಾದದಲ್ಲಾದರೆ ಅದರ ಮೇಲೆ ಪ್ಲಾಸ್ಟರ್ ಹಚ್ಚಿ. ಈ ದ್ರವ ಬೇಗ ಬೆಂಕಿ ಹಿಡಿಯುತ್ತದೆ, ದೀಪ, ಒಲೆ, ಸಿಗರೇಟು ಹತ್ತಿರ ಬೇಡ.

ಸ್ವಲ್ಪ ಚುರುಗುಟ್ಟುವುದು ಸಹಜ. ಚರ್ಮ ಕೆಂಪಾಗಿ ಹಸಿಯಾದರೆ ಕೆಲವು ದಿನ ಬಿಡುವು ಕೊಡಿ. ಮುಖ ಮತ್ತು ಗುಪ್ತಾಂಗಗಳಿಗೆ ಇದನ್ನು ಹಚ್ಚಲೇಬಾರದು. ಮಧುಮೇಹಿಗಳು, ಪಾದದಲ್ಲಿ ಸ್ಪರ್ಶಜ್ಞಾನ ಅಥವಾ ರಕ್ತಸಂಚಾರ ಕಡಿಮೆ ಇರುವವರು ವೈದ್ಯರನ್ನು ಕೇಳದೆ ಬಾಟಲಿ ತೆರೆಯಬಾರದು. ಸುಟ್ಟದ್ದು ಅವರಿಗೆ ಗೊತ್ತಾಗದೆಯೇ ಹುಣ್ಣಾಗಬಹುದು.

ಹನ್ನೆರಡು ವಾರ ಹಿಡಿಯಬಹುದು ಎಂದು ಅವನಿಗೆ ಮೊದಲೇ ಹೇಳಿದ್ದೆ. ಒಂಬತ್ತನೆಯ ವಾರ ‘ಹೋಯಿತು’ ಎಂದು ಬಂದ. ಭೂತಗನ್ನಡಿಯಲ್ಲಿ ನೋಡಿದೆ: ಚರ್ಮದ ಗೆರೆಗಳು ಅಂಚಿನವರೆಗೆ ಬಂದು ಮಧ್ಯದಲ್ಲಿ ತುಂಡಾಗಿದ್ದವು. ಇನ್ನೂ ಇದೆ ಎಂದು ಕಳಿಸಿದೆ. ಎರಡು ವಾರದ ನಂತರ ಗೆರೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ನೇರವಾಗಿ ಹಾದುಹೋಗಿದ್ದವು. ಅಂದು ಬಾಟಲಿ ಮುಚ್ಚಿಸಿದೆ.