ಮೂವತ್ತು ಹೆಸರು, ಇಪ್ಪತ್ತನಾಲ್ಕು ತಲೆ

ನಮ್ಮ ರಸ್ತೆಯವರೆಲ್ಲ ಸೇರಿ ಮೂರು ದಿನ ಹೊರನಾಡು, ಶೃಂಗೇರಿ, ಕೊಲ್ಲೂರು, ಉಡುಪಿ, ಧರ್ಮಸ್ಥಳ ನೋಡಿಕೊಂಡು ಬರೋಣ ಅಂತ ಮಾತಾಯಿತು. ಲೆಕ್ಕ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ಬೆಂಗಳೂರಿನಿಂದ ಹೊರಟು ವಾಪಸ್ ಬರೋಕೆ ಸುಮಾರು 1,000 ಕಿಲೋಮೀಟರ್. 30 ಸೀಟಿನ ಮಿನಿ ಬಸ್ಸಿಗೆ ಕಿಲೋಮೀಟರಿಗೆ 40 ರೂಪಾಯಿ ಅಂದರು. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಅಂತ ಇನ್ನೊಂದು 5,000. ಒಟ್ಟು 45,000. ರೂಮು, ತಿಂಡಿ, ರಾತ್ರಿ ಊಟಕ್ಕೆ ಒಬ್ಬರಿಗೆ 2,100. ಮಧ್ಯಾಹ್ನದ ಊಟ ಹೇಗೂ ದೇವಸ್ಥಾನದಲ್ಲಿ.

ಪಟ್ಟಿಯಲ್ಲಿ 30 ಹೆಸರಿತ್ತು. 45,000ವನ್ನು 30ರಿಂದ ಭಾಗಿಸಿದೆ, 1,500 ಬಂತು. ತಲೆಗೆ 3,600 ಅಂತ ಹೇಳಿಬಿಟ್ಟೆ. ಹೊರಡುವ ದಿನ ಬೆಳಗ್ಗೆ ಬಸ್ಸಿನ ಹತ್ತಿರ ನಿಂತಿದ್ದವರು 24 ಜನ. ಒಬ್ಬರ ಮನೆಯಲ್ಲಿ ಜ್ವರ, ಇನ್ನೊಬ್ಬರ ಮಗಳಿಗೆ ಪರೀಕ್ಷೆ, "ನಾವು ನಾಲ್ಕು ಜನ, ಹಾಕ್ಕೊಳಿ" ಅಂದಿದ್ದವರು ಫೋನೇ ಎತ್ತಲಿಲ್ಲ. ಬರದವರ ಊಟ, ರೂಮಿನ ಖರ್ಚು ಹೇಗೋ ಉಳಿಯಿತು. ಆದರೆ ಬಸ್ಸಿಗೆ ಸೇರಿದ್ದು 36,000 ಮಾತ್ರ. ಬಾಕಿ 9,000 ನನ್ನ ಜೇಬಿನಿಂದ ಹೋಯಿತು. "ಗಾಡಿ ಖಾಲಿ ಹೋದರೂ ಬಾಡಿಗೆ ಅಷ್ಟೇ ಸಾರ್" ಅಂತ ಡ್ರೈವರ್ ನಕ್ಕ. ಅವನ ಮಾತಿನಲ್ಲೇ ಇಡೀ ಲೆಕ್ಕ ಇದೆ.

ಪ್ರವಾಸದ ಖರ್ಚಿನಲ್ಲಿ ಎರಡು ಜಾತಿ. ಊಟದ ಖರ್ಚು ತಲೆ ಎಣಿಸಿಕೊಂಡು ಬರುತ್ತದೆ. ಬಸ್ಸಿನ ಖರ್ಚು ತಲೆ ನೋಡುವುದಿಲ್ಲ. ಇದನ್ನು ಸ್ಥಿರ ವೆಚ್ಚ ಅನ್ನುತ್ತಾರೆ. ಒಬ್ಬರು ತಪ್ಪಿಸಿಕೊಂಡರೆ ಅವರ ಪಾಲಿನ 1,500 ಅಲ್ಲೇ ಉಳಿಯುತ್ತದೆ, ಅದನ್ನು ಯಾರಾದರೂ ಹೊರಲೇಬೇಕು.

"ಹಾಗಾದರೆ ಮೊದಲೇ ದರ ಹೇಳೋದೇ ಬೇಡ, ಬಂದವರೆಲ್ಲ ಕೊನೆಗೆ ಹಂಚಿಕೊಳ್ಳೋಣ" ಅಂದರು ಪಕ್ಕದ ಮನೆ ಅಂಕಲ್. ಕೇಳೋಕೆ ನ್ಯಾಯವಾಗಿದೆ, ಅಲ್ವಾ? ಆದರೆ ಈ ಹಂಚಿಕೆ ಸಮವಾಗಿ ಏರುವುದಿಲ್ಲ. 30 ಜನರಲ್ಲಿ ಒಬ್ಬರು ಬಿಟ್ಟರೆ ಉಳಿದವರಿಗೆ ತಲಾ 52 ರೂಪಾಯಿ ಹೆಚ್ಚಾಗುತ್ತದೆ. ಯಾರೂ ತಕರಾರು ಮಾಡುವುದಿಲ್ಲ. ಅದೇ 10 ಜನರಲ್ಲಿ ಒಬ್ಬರು ಬಿಟ್ಟರೆ ಉಳಿದ ಒಂಬತ್ತು ಜನರಿಗೆ ತಲಾ 500 ಏರುತ್ತದೆ. ಜನ ಕಮ್ಮಿಯಾದಷ್ಟೂ ಏಟು ಜೋರು. ಏಟು ಬಿದ್ದಾಗ ಇನ್ನೊಬ್ಬರು "ಇಷ್ಟು ದುಡ್ಡಾದರೆ ನಾನೂ ಬರಲ್ಲ" ಅನ್ನುತ್ತಾರೆ. ಪಾಲು ಮತ್ತೆ ಏರುತ್ತದೆ, ಮತ್ತೊಬ್ಬರು ಇಳಿಯುತ್ತಾರೆ. ಎಷ್ಟೋ ಪ್ರವಾಸಗಳು ಹೊರಡುವ ಮೊದಲೇ ನಿಂತುಹೋಗುವುದು ಹೀಗೆ.

ಇಲ್ಲೊಂದು ಗಣಿತದ ತಮಾಷೆ ಇದೆ. ಒಂದು ವರ್ಷ 30 ಜನ, ಇನ್ನೊಂದು ವರ್ಷ 18 ಜನ ಬಂದರು ಅಂದುಕೊಳ್ಳಿ. ಸರಾಸರಿ 24. ಈ ಸರಾಸರಿಯಿಂದ ಭಾಗಿಸಿದರೆ ಪಾಲು 1,875. ಆದರೆ ನಿಜವಾಗಿ ಕೊಟ್ಟಿದ್ದೆಷ್ಟು? ಮೊದಲ ವರ್ಷ 1,500, ಎರಡನೇ ವರ್ಷ 2,500. ಎರಡೂ ವರ್ಷ ತಪ್ಪದೆ ಬಂದ ಅಂಕಲ್‌ಗೆ ಸರಾಸರಿ 2,000 ಬಿತ್ತು. ಭಾಗಾಕಾರದ ಗೆರೆ ಬಾಗಿರುವುದರಿಂದ ಹೀಗಾಗುತ್ತದೆ. ಜನ ಜಾಸ್ತಿಯಾದಾಗ ಉಳಿಯುವುದು ಸ್ವಲ್ಪ, ಕಮ್ಮಿಯಾದಾಗ ಏರುವುದು ಬಹಳ. ಇಂಥ ಬಾಗಿದ ಗೆರೆಗಳ ಬಗ್ಗೆ ಒಂದು ಸಾಮಾನ್ಯ ನಿಯಮವನ್ನು 1906ರಲ್ಲಿ ಸಾಧಿಸಿ ತೋರಿಸಿದವರು ಯೊಹಾನ್ ಯೆನ್ಸನ್. ಅವರ ಉದ್ಯೋಗ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ. ಗಣಿತ ಬಿಡುವಿನ ವೇಳೆಯ ಹವ್ಯಾಸ.

ಆದರೆ ದರವನ್ನು ಮೊದಲೇ ಗಟ್ಟಿ ಮಾಡಿದರೆ ಈ ಬಾಗು ಕಾಡುವುದಿಲ್ಲ. ಬಸ್ಸಿಗೆ 1,875 ಅಂತ ಹೇಳಿಬಿಟ್ಟರೆ, 30 ಜನ ಬಂದ ವರ್ಷ 11,250 ಉಳಿಯುತ್ತದೆ. 18 ಜನ ಬಂದ ವರ್ಷ ಅಷ್ಟೇ ಕೈ ಬಿಡುತ್ತದೆ. ಎರಡೂ ಸರಿಹೋಯಿತು. ಅಂದರೆ ದರ ಹೇಳುವವರು ಭಾಗಿಸಬೇಕಾದದ್ದು ಹೆಸರು ಕೊಟ್ಟವರ ಸಂಖ್ಯೆಯಿಂದ ಅಲ್ಲ, ಬಸ್ ಹತ್ತುವವರ ಸರಾಸರಿಯಿಂದ. ನಾನು ಮಾಡಿದ ತಪ್ಪು ಅದೇ.

ಸರಾಸರಿ ತೆಗೆಯುವಾಗಲೂ ಒಂದು ಗುಂಡಿ ಇದೆ. ಬರಲು ಇಷ್ಟ ಇರುವವರು ಒಮ್ಮೆ 12, ಒಮ್ಮೆ 24, ಒಮ್ಮೆ 36 ಇರಬಹುದು ಅನ್ನಿ. ಸರಾಸರಿ 24 ಅಂತ ಖುಷಿಪಡುತ್ತೇವೆ. ಆದರೆ ಬಸ್ಸಿನಲ್ಲಿ ಇರುವುದು 30 ಸೀಟು. 36 ಜನ ಬಂದ ದಿನ ಆರು ಜನ ವಾಪಸ್ ಹೋಗಬೇಕು. ಹಾಗಾಗಿ ದುಡ್ಡು ಕೊಡುವ ತಲೆಗಳು 12, 24, 30. ಸರಾಸರಿ 22ಕ್ಕೆ ಇಳಿಯಿತು! ಒಳ್ಳೆಯ ವರ್ಷಕ್ಕೆ ಬಸ್ಸೇ ಕತ್ತರಿ ಹಾಕುತ್ತದೆ, ಕೆಟ್ಟ ವರ್ಷಕ್ಕೆ ಯಾರೂ ಹಾಕುವುದಿಲ್ಲ. 22ರಿಂದ ಭಾಗಿಸಿದರೆ ಪಾಲು 2,045. ಇನ್ನೊಂದು ಗಾಡಿ ಮಾಡೋಣ ಅಂದರೆ 31ನೆಯವರು ತಮ್ಮ ಜೊತೆ ಇಡೀ ಗಾಡಿಯ ಬಾಡಿಗೆಯನ್ನೇ ತರುತ್ತಾರೆ. ರೂಮಿನಲ್ಲೂ ಇಂಥದೇ ಮೆಟ್ಟಿಲಿದೆ. ಇಬ್ಬರಿಗೊಂದು ರೂಮು ಅಂತ ಹಂಚಿದಾಗ ಕೊನೆಗೆ ಒಂಟಿಯಾಗಿ ಉಳಿದವರು ಪೂರ್ತಿ ರೂಮು ತಿನ್ನುತ್ತಾರೆ.

ಟೂರ್ ನಡೆಸುವವರು ಒಂದೇ ದರ ಹೇಳದೆ ಮೆಟ್ಟಿಲು ದರ ಕೊಡುವುದು ಇದಕ್ಕೇ. 20ರಿಂದ 24 ಜನರಾದರೆ ಇಷ್ಟು, 25ರಿಂದ 29 ಆದರೆ ಇಷ್ಟು ಅಂತ. ಪ್ರತಿ ಮೆಟ್ಟಿಲಿನ ದರವನ್ನು ಅದರ ಕೆಳಗಿನ ಸಂಖ್ಯೆಯಿಂದಲೇ ಹಾಕುತ್ತಾರೆ. ನಮ್ಮ ಬಸ್ಸಿಗಾದರೆ 20ರ ಮೆಟ್ಟಿಲಿಗೆ 4,350, 25ರ ಮೆಟ್ಟಿಲಿಗೆ 3,900. ಕೆಳಗಿನ ಸಂಖ್ಯೆ ಹಿಡಿದರೆ ನಡುವೆ ಒಬ್ಬಿಬ್ಬರು ಬಿಟ್ಟರೂ ಲಾಸ್ ಇಲ್ಲ. "20 ಜನರಾಗದಿದ್ದರೆ ಟೂರ್ ಇಲ್ಲ" ಅನ್ನುವ ಸಾಲೂ ಅಲ್ಲೇ ಇರುತ್ತದೆ. ಇನ್ನು ಜನ ಸೇರಿಸಿದವರಿಗೆ ಒಂದು ಸೀಟು ಪುಕ್ಕಟೆ ಅಂತ ಕೊಟ್ಟಿದ್ದರೆ, ಭಾಗಿಸುವಾಗ ಅವರನ್ನು ಬಿಟ್ಟು ಎಣಿಸಬೇಕು. ಅವರ ಊಟ, ರೂಮೂ ಉಳಿದವರ ಮೇಲೆಯೇ. ಇದನ್ನು ಮರೆಯುವವರು ಬಹಳ.

ದರ ಎಷ್ಟೇ ಸರಿ ಇರಲಿ, ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ಜನ ಅಡ್ವಾನ್ಸ್ ಅಂತ ಸುಮ್ನೆ ಒಂದು 500 ತೆಗೆದುಕೊಳ್ಳುತ್ತಾರೆ. ಅದಕ್ಕೆ ಲೆಕ್ಕದ ಆಧಾರವೇ ಇಲ್ಲ. ಬಿಟ್ಟವರಿಂದ ಆಗುವ ನಷ್ಟ ಬಸ್ಸಿನ ಪಾಲು, ಹಾಗಿದ್ದ ಮೇಲೆ ಅಡ್ವಾನ್ಸ್ ಕೂಡ ಅಷ್ಟೇ ಇರಬೇಕು. ಅದಕ್ಕಿಂತ ಜಾಸ್ತಿ ಕೇಳಿದರೆ ಅನ್ಯಾಯ, ಕಮ್ಮಿಯಾದರೆ ಉಳಿದವರ ಮೇಲೆ ಹೊರೆ. ಗಾಡಿಯವರಿಗೆ ಬೇಡ ಅನ್ನಲು ಕೊನೆಯ ದಿನ ಯಾವುದೋ, ಅದರ ಮೊದಲೇ ಈ ದುಡ್ಡು ಕೈಗೆ ಬಂದಿರಬೇಕು. ಆಗ ತಲೆ ತೀರಾ ಕಮ್ಮಿಯಾದರೆ ಮಿನಿ ಬಸ್ ಬಿಟ್ಟು ಟಿಟಿ ಹಿಡಿಯಬಹುದು.

ಮುಂದಿನ ವರ್ಷ ಹಾಗೇ ಮಾಡಿದೆ. ಬಸ್ಸಿಗೆ 2,050, ಮೊದಲೇ ಕೊಡಬೇಕು, ವಾಪಸ್ ಇಲ್ಲ. ಉಳಿದ 2,100 ಹೊರಡುವ ಹಿಂದಿನ ದಿನ. ದರ ಏರಿದ್ದರಿಂದ ಇಬ್ಬರು ಶುರುವಿನಲ್ಲೇ ಹಿಂದೆ ಸರಿದರು, ಅದು ಒಳ್ಳೆಯದೇ ಆಯಿತು. 24 ಜನ ದುಡ್ಡು ಕಟ್ಟಿದರು. ಬಸ್ಸಿಗೆ 49,200 ಸೇರಿತು. ಹೊರಡುವ ಎರಡು ದಿನ ಮೊದಲು ಅಂಕಲ್‌ಗೆ ಸೊಂಟ ಹಿಡಿದುಕೊಂಡಿತು. "ನನ್ನ ದುಡ್ಡು?" ಅಂದರು. "ಊಟದ್ದು ನೀವು ಕೊಟ್ಟೇ ಇಲ್ಲ ಅಂಕಲ್, ಬಸ್ಸಿನದು ಬಸ್ಸಿನವರಿಗೆ ಹೋಯಿತು" ಅಂದೆ. ಸ್ವಲ್ಪ ಹೊತ್ತು ಗೊಣಗಿದರು. ಆಮೇಲೆ ತಮ್ಮ ಸೀಟಿಗೆ ಷಡ್ಡಕನನ್ನು ಕಳಿಸಿದರು.