ನೋಟಿಸಿನಲ್ಲಿ ಕಂಡ ಮೊತ್ತವೆಲ್ಲಾ ಬೇಡಿಕೆಯಲ್ಲ

"ಸರ್, ಇನ್‌ಕಮ್ ಟ್ಯಾಕ್ಸ್‌ನವರು 62,400 ಕಟ್ಟು ಅಂತಿದ್ದಾರೆ." ರಾತ್ರಿ ಹತ್ತೂವರೆಗೆ ಬಂದ ವಾಟ್ಸ್ಆ್ಯಪ್ ಮೆಸೇಜು. ಜೊತೆಗೊಂದು ಫೋಟೊ. ಮೊಬೈಲ್ ಪರದೆಯನ್ನು ಇನ್ನೊಂದು ಮೊಬೈಲಿನಲ್ಲಿ ತೆಗೆದದ್ದು, ಅದೂ ಓರೆಯಾಗಿ, ಮೊದಲ ಪುಟದ ಅರ್ಧ ಮಾತ್ರ. ಕಳಿಸಿದವರು ನರ್ಸ್ ಕೆಲಸದಲ್ಲಿರುವ ಹೆಣ್ಣುಮಗಳು. ವರ್ಷದ ನಡುವೆ ಕೆಲಸ ಬದಲಿಸಿದ್ದರು.

ನೋಟಿಸ್ ಬಂದಾಗ ಗಾಬರಿಯಾಗುವುದು ಸಹಜ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಣ್ಣಿಗೆ ಬಿದ್ದ ಮೊದಲ ದೊಡ್ಡ ಮೊತ್ತವನ್ನೇ ಇಲಾಖೆ ಕೇಳುತ್ತಿದೆ ಅಂದುಕೊಳ್ಳುತ್ತಾರಲ್ಲ, ಅದು ಮಾತ್ರ ಇಷ್ಟು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ. ನಿಮ್ಮ ಸಿಎಗೆ ಫೋನ್ ಮಾಡುವ ಮೊದಲು ನೋಟಿಸನ್ನು ಮೂರು ಸಾಲಿಗೆ ಇಳಿಸಿ: ಏನು ಕೇಳಿದ್ದಾರೆ, ಯಾವತ್ತಿನೊಳಗೆ ಕೇಳಿದ್ದಾರೆ, ಅದಕ್ಕೆ ಯಾವ ಕಾಗದ ಬೇಕು. ಇದರಲ್ಲಿ ಮೊದಲ ಸಾಲನ್ನೇ ನೂರಕ್ಕೆ ತೊಂಬತ್ತು ಜನ ತಪ್ಪು ಬರೆಯುತ್ತಾರೆ.

ಇವರಿಗೆ ಬಂದದ್ದು 143(1) ಸೆಕ್ಷನ್ ಪ್ರಕಾರದ ಇಂಟಿಮೇಶನ್. ಅದರೊಳಗೆ ಉದ್ದದ ಒಂದು ಪಟ್ಟಿ ಇರುತ್ತದೆ, ಎರಡು ಕಾಲಂ. ಒಂದರಲ್ಲಿ ನೀವು ರಿಟರ್ನಿನಲ್ಲಿ ಬರೆದದ್ದು, ಪಕ್ಕದಲ್ಲಿ ಇಲಾಖೆ ಲೆಕ್ಕ ಹಾಕಿದ್ದು. ಇದನ್ನು ಮೇಲಿಂದ ಕೆಳಕ್ಕೆ ಓದಿದರೆ ತಲೆ ಕೆಡುತ್ತದೆ. ಅಡ್ಡಕ್ಕೆ ಓದಬೇಕು. ಎರಡೂ ಕಡೆ ಒಂದೇ ಮೊತ್ತ ಇದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗಿ. ಮೊದಲ ಬಾರಿಗೆ ಎಲ್ಲಿ ವ್ಯತ್ಯಾಸ ಬಂತೋ ಜಗಳ ಇರುವುದು ಅಲ್ಲಿ. ಕೊನೆಗೆ ಕಟ್ಟಬೇಕಾದ ನಿವ್ವಳ ಮೊತ್ತದ ಸಾಲು ಬರುತ್ತದೆ. ಬೇಡಿಕೆ ಅಂದರೆ ಅದೊಂದೇ.

ಪೂರ್ತಿ ಪಿಡಿಎಫ್ ತರಿಸಿಕೊಂಡು ಹಾಗೆ ಓದಿದೆ. (ಪಾಸ್‌ವರ್ಡ್ ಗೊತ್ತಿಲ್ಲ ಅಂತ ಫೋಟೊ ಕಳಿಸುವವರಿಗೆ: ಸಣ್ಣ ಅಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ಇಸವಿ. ನಡುವೆ ಜಾಗ ಬಿಡಬೇಡಿ.) ತೆರಿಗೆಗೆ ಒಳಪಡುವ ಆದಾಯ ಎರಡೂ ಕಡೆ 10,00,000. ತೆರಿಗೆ ಎರಡೂ ಕಡೆ 62,400. ಅಂದರೆ ಈಯಮ್ಮ ಕಂಡು ಹೆದರಿದ ಮೊತ್ತದ ಬಗ್ಗೆ ಇಲಾಖೆಗೆ ಯಾವ ತಕರಾರೂ ಇಲ್ಲ! ವ್ಯತ್ಯಾಸ ಬಂದದ್ದು ಟಿಡಿಎಸ್, ಅಂದರೆ ಸಂಬಳದಲ್ಲೇ ಕಡಿತವಾದ ತೆರಿಗೆಯ ಸಾಲಿನಲ್ಲಿ. ಇವರು ಬರೆದದ್ದು 62,400, ಇಲಾಖೆ ಒಪ್ಪಿದ್ದು 36,900. ಕಡಿಮೆ ಬಿದ್ದದ್ದು 25,500. ಅದಕ್ಕೆ ಬಡ್ಡಿ ಸೇರಿ ಬೇಡಿಕೆ 28,820.

ಆಗ ಮೊದಲ ಸಾಲು ಹೀಗಾಯಿತು: "28,820 ರೂಪಾಯಿ ಬೇಡಿಕೆ, ಕಾರಣ, 25,500ರ ಟಿಡಿಎಸ್ ಒಪ್ಪಿಲ್ಲ." ಕಾರಣವಿಲ್ಲದೆ ಬರೀ ಮೊತ್ತ ಬರೆದರೆ ನಮಗೆ ಉಪಯೋಗವಿಲ್ಲ.

ಎಲ್ಲಾ ನೋಟಿಸಿನಲ್ಲೂ ಬೇಡಿಕೆ ಅಂದರೆ ದುಡ್ಡೇ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. 143(1) ಮುಂದೆ (a) ಅಂತ ಇದ್ದರೆ ಅದು ಇನ್ನೂ ಪ್ರಸ್ತಾಪ. ಅಲ್ಲಿ ಕಾಣುವ ಒಂದು ಲಕ್ಷ ತೆರಿಗೆಯಲ್ಲ, ಆದಾಯದಲ್ಲಿ ಮಾಡಬೇಕೆಂದಿರುವ ಬದಲಾವಣೆ. 142(1) ಆದರೆ ಕೇಳುವುದು ಮಾಹಿತಿ, ದಾಖಲೆ. ಆದ್ದರಿಂದ ಮೊತ್ತಕ್ಕಿಂತ ಮೊದಲು ಕ್ರಿಯಾಪದ ಹುಡುಕಿ. ಕಟ್ಟಿ ಅಂದಿದ್ದಾರಾ, ಒಪ್ತೀರಾ ಅಂದಿದ್ದಾರಾ, ಕೊಡಿ ಅಂದಿದ್ದಾರಾ? 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರ್ ಬದಲಾಗುತ್ತದೆ, ಹಳೇ ವರ್ಷಗಳ ನೋಟಿಸಿಗೆ ಹಳೇ ನಂಬರೇ. ಕ್ರಿಯಾಪದ ಹುಡುಕುವ ಕೆಲಸ ಎರಡಕ್ಕೂ ಒಂದೇ.

ಇನ್ನು ಗಡುವು. ಇಂಟಿಮೇಶನ್ ಇಮೇಲಿಗೆ ಬಂದದ್ದು 2024ರ ನವೆಂಬರ್ 18ಕ್ಕೆ. ಇವರು ತೆರೆದು ನೋಡಿದ್ದು ಡಿಸೆಂಬರ್ 9ಕ್ಕೆ. "ಮೂವತ್ತು ದಿನ ಇದೆಯಲ್ವಾ ಸರ್, ಜನವರಿವರೆಗೂ ಟೈಮಿದೆ" ಅಂದರು. ಇಲ್ಲ ತಾಯಿ. ಮೂವತ್ತು ದಿನ ಶುರುವಾಗುವುದು ನೋಟಿಸ್ ತಲುಪಿದಾಗ, ನೀವು ಓದಿದಾಗ ಅಲ್ಲ. ಡಿಸೆಂಬರ್ 18ಕ್ಕೆ ಮುಗಿಯುತ್ತದೆ, ಉಳಿದದ್ದು ಒಂಬತ್ತು ದಿನ. ದಾಟಿದರೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ, ತಿಂಗಳಲ್ಲಿ ಒಂದು ದಿನವಾದರೂ ಪೂರ್ತಿ ತಿಂಗಳ ಲೆಕ್ಕ. ಮೇಲ್ಮನವಿಗೂ ಅದೇ ಮೂವತ್ತು ದಿನ. ತಪ್ಪು ತಿದ್ದಲು ಅರ್ಜಿ ಹಾಕುವುದಕ್ಕೆ ಮಾತ್ರ ಜಾಸ್ತಿ ಕಾಲಾವಕಾಶವಿದೆ. ಬೇರೆ ನೋಟಿಸಿಗೆ ಬೇರೆ ಗಡುವು: ರಿಟರ್ನೇ ದೋಷಪೂರಿತ ಎನ್ನುವ 139(9)ಕ್ಕೆ 15 ದಿನ, ಕೆಲವಕ್ಕೆ ತಾರೀಕನ್ನೇ ನಮೂದಿಸಿರುತ್ತಾರೆ. ಹಾಗಾಗಿ "30 ದಿನ" ಅಂತ ಬರೆಯದೆ ತಾರೀಕನ್ನೇ ಬರೆಯಿರಿ.

ಮೂರನೆಯ ಸಾಲು, ಕಾಗದ. ಹಿಂದೊಮ್ಮೆ ಒಬ್ಬ ಹಿರಿಯರು ಕೈಚೀಲ ತುಂಬಾ ತಂದಿದ್ದರು. ಜೀವವಿಮೆ ಬಾಂಡು, ಠೇವಣಿ ರಸೀದಿ, ಮನೆಯ ಕ್ರಯಪತ್ರ, ಮಗಳ ಅಂಕಪಟ್ಟಿ ಕೂಡ. ಬೇಕಿದ್ದ ಒಂದೇ ಒಂದು ಹಾಳೆ ಅದರಲ್ಲಿರಲಿಲ್ಲ. ಇರುವುದೆಲ್ಲ ತುಂಬಿಕೊಂಡು ಬರಬೇಡಿ. ಮೊದಲ ಸಾಲಿನಲ್ಲಿ ಬರೆದ ಕಾರಣವೇ ಯಾವ ಕಾಗದ ಅಂತ ಹೇಳುತ್ತದೆ. ಇಲ್ಲಿ ಜಗಳ ಟಿಡಿಎಸ್‌ದು. ಹಾಗಾದರೆ ಎರಡೂ ಕೆಲಸದ ಫಾರ್ಮ್ 16, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆ ತೋರಿಸುವ, ಈಗಷ್ಟೇ ಡೌನ್‌ಲೋಡ್ ಮಾಡಿದ 26ಎಎಸ್, ಹಳೇ ಕೆಲಸದ ತಿಂಗಳುಗಳ ಪೇಸ್ಲಿಪ್, ಸಂಬಳ ಬಿದ್ದ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್. ಜೊತೆಗೆ ಸಲ್ಲಿಸಿದ ರಿಟರ್ನ್. ಸಾಕು. ವರ್ಷ ಮಾತ್ರ ನೋಡಿಕೊಳ್ಳಿ. ನೋಟಿಸಿನಲ್ಲಿ AY 2024-25 ಅಂತಿದ್ದರೆ ಆ ಆದಾಯ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನದು. ಈ ಹೆಣ್ಣುಮಗಳೂ ಮೊದಲ ಸಲ ಮುಂದಿನ ವರ್ಷದ ಪೇಸ್ಲಿಪ್ ತಂದಿದ್ದರು.

ಸರಿಯಾದ ವರ್ಷದ್ದು ತಂದ ಮೇಲೆ ಹತ್ತೇ ನಿಮಿಷದಲ್ಲಿ ವಿಷಯ ಹೊರಬಿತ್ತು. ಹಳೇ ಕಡೆಯ ಪೇಸ್ಲಿಪ್‌ಗಳಲ್ಲಿ ಕಡಿತವಾದದ್ದು ಒಟ್ಟು 25,500. 26ಎಎಸ್‌ನಲ್ಲಿ ಆ ಸಂಸ್ಥೆಯ ಹೆಸರೇ ಇಲ್ಲ. ಅವರು ಟಿಡಿಎಸ್ ವಿವರ ಸಲ್ಲಿಸುವಾಗ ಇವರ ಪ್ಯಾನ್‌ನ ಒಂದು ಅಕ್ಷರ ತಪ್ಪಾಗಿ ಬರೆದಿದ್ದರು. ದುಡ್ಡು ಸರ್ಕಾರಕ್ಕೆ ಹೋಗಿತ್ತು, ಇವರ ಹೆಸರಿಗೆ ಬಂದಿರಲಿಲ್ಲ.

ಗಡುವಿನೊಳಗೆ ಪೋರ್ಟಲ್‌ನ Response to Outstanding Demand ಪುಟದಲ್ಲಿ Disagree with demand ಅಂತ ಉತ್ತರ ಹಾಕಿದೆವು. ಅಲ್ಲೇ ಪಕ್ಕದಲ್ಲಿ Demand is correct ಅಂತಲೂ ಇರುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿ ಕಳಿಸಿದರೆ ಆಮೇಲೆ ಅಲ್ಲಿ ತಕರಾರು ಎತ್ತುವ ಹಾಗಿಲ್ಲ. ಹಳೇ ಸಂಸ್ಥೆಯವರಿಗೆ ಪೇಸ್ಲಿಪ್ ಲಗತ್ತಿಸಿ ಇಮೇಲ್ ಹಾಕಿಸಿದೆ, ಎರಡು ಸಲ ಫೋನೂ ಮಾಡಿಸಿದೆ. ಅವರು ತಿದ್ದುಪಡಿ ಸಲ್ಲಿಸಿ, 26ಎಎಸ್‌ನಲ್ಲಿ 25,500 ಕಂಡ ಮೇಲೆ ತಪ್ಪು ತಿದ್ದುವ 154ನೇ ಸೆಕ್ಷನ್ ಅಡಿ ರಿಟರ್ನನ್ನು ಮತ್ತೆ ಪರಿಶೀಲಿಸಿ ಅಂತ ಅರ್ಜಿ ಹಾಕಿದೆವು. ಮೊದಲೇ ಹಾಕಿದ್ದರೆ ಕಂಪ್ಯೂಟರು ಅದೇ 26ಎಎಸ್ ನೋಡಿ ಅದೇ ಉತ್ತರ ಕೊಡುತ್ತಿತ್ತು. ಎಲ್ಲರ ಪ್ರಕರಣವೂ ಇಷ್ಟು ಸಲೀಸಾಗಿ ಬಗೆಹರಿಯುತ್ತದೆ ಅಂತ ನಾನು ಹೇಳಲಾರೆ. ಸಂಸ್ಥೆ ಮುಚ್ಚಿಹೋಗಿದ್ದರೆ ದಾರಿ ಬೇರೆ, ಆಗ ಪೇಸ್ಲಿಪ್ಪೇ ಆಧಾರ.

ಬೇಡಿಕೆ ಸೊನ್ನೆಯಾದ ಆದೇಶ ಬಂದ ದಿನ ಅವರಿಂದ ಮೆಸೇಜು ಬಂತು. "ಸರ್, ಇದರಲ್ಲೂ 62,400 ಅಂತ ಇದೆಯಲ್ಲ?" ಜೊತೆಗೆ ಫೋಟೊ. ಓರೆಯಾಗಿ, ಅರ್ಧ ಪುಟ.