ಸಪೋರ್ಟ್ ಬೇಕು ಸರಿ, ಯಾವ ಕಡೆಗೆ?

ಹೈಸ್ಕೂಲಿನ ಗಣಿತದ ಮೇಡಂ ಒಬ್ಬರು ಹೋದ ವರ್ಷ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 43. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ. ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್. ಬಲ ಪಾದದ ಕೀಲಿನ ಹೊರಗಿನ ಗಂಟಿನ ಹಿಂದೆ ನೋವು. ಅದರ ಮೇಲೆ, ಆರು ವಾರದಲ್ಲಿ ಎರಡು ಸಲ ಕಾಲು ಉಳುಕಿತ್ತು.

"ಹೊಸ ಶೂ ಹಾಕಿದ ಮೇಲೆ ಶುರುವಾಯ್ತು ಅನ್ಸುತ್ತೆ ಡಾಕ್ಟ್ರೇ. ಆದ್ರೆ ಅದು ಒಳ್ಳೇ ಶೂ, ಜಾಸ್ತಿ ದುಡ್ಡು ಕೊಟ್ಟು ತಗೊಂಡಿದ್ದು" ಅಂದರು.

ಶೂ ನಿಜಕ್ಕೂ ಒಳ್ಳೆಯದೇ. ಗಟ್ಟಿಮುಟ್ಟಾಗಿತ್ತು. ಆದರೆ ಅವರ ಪಾದಕ್ಕೆ ಹೇಳಿಸಿದ್ದಲ್ಲ. ಅಂಗಡಿಯ ಹುಡುಗ ಪಾದ ನೋಡಿ, "ಮೇಡಂ, ನಿಮ್ಮ ಆರ್ಚ್ ತುಂಬಾ ಎತ್ತರ ಇದೆ, ಸಪೋರ್ಟ್ ಇರೋ ಶೂ ಬೇಕು" ಅಂದಿದ್ದನಂತೆ. ಮೊದಲರ್ಧ ಸರಿ, ಅವರ ಆರ್ಚ್, ಅಂದರೆ ಅಂಗಾಲಿನ ಕಮಾನು, ಎತ್ತರವೇ. ಎರಡನೆಯದರಲ್ಲಿ 'ಸಪೋರ್ಟ್' ಅನ್ನುವ ಒಂದು ಪದ ಎರಡು ಬೇರೆ ಅರ್ಥ ಹೊತ್ತುಕೊಂಡು ಬಂದು ಎಡವಟ್ಟು ಮಾಡಿತು.

ಶೂ ಕೈಗೆ ತಗೊಂಡು ಅಟ್ಟೆಯ ಮೇಲಿನ ಫೋಮನ್ನು, ಅಂದರೆ ಮಿಡ್‌ಸೋಲನ್ನು, ಹೆಬ್ಬೆರಳಿಂದ ಒತ್ತಿ ನೋಡಿದೆ. ಹೊರಬದಿಯಲ್ಲಿ ಬೆರಳು ಸ್ವಲ್ಪ ಒಳಗೆ ಹೋಯಿತು. ಒಳಬದಿಯಲ್ಲಿ, ಹಿಮ್ಮಡಿಯಿಂದ ಕಮಾನಿನವರೆಗೆ, ಬೂದು ಬಣ್ಣದ ಬೇರೆ ಫೋಮ್ ಇತ್ತು. ಅದು ಮಿಸುಕಲಿಲ್ಲ. ಮೇಡಂ ಕೈಲೂ ಒತ್ತಿಸಿದೆ. "ಅಯ್ಯೋ, ಇದು ಮರದ ಥರ ಇದೆ!" ಅಂದರು. ಅದನ್ನು ಮೀಡಿಯಲ್ ಪೋಸ್ಟ್ ಅಂತಾರೆ. ಸ್ಟೆಬಿಲಿಟಿ ಶೂ ಅಂತ ಮಾರುವ ಎಷ್ಟೋ ಮಾಡೆಲ್‌ಗಳ ಜೀವಾಳ ಅದೇ.

ಅದು ಏನು ಮಾಡುತ್ತೆ ಅಂತ ಗೊತ್ತಾಗಬೇಕಾದರೆ ನಡಿಗೆಯ ಒಂದು ಕ್ಷಣವನ್ನು ನೋಡಬೇಕು. ಸಾಮಾನ್ಯವಾಗಿ ಹಿಮ್ಮಡಿಯ ಹೊರಅಂಚು ಮೊದಲು ನೆಲಕ್ಕೆ ತಾಗುತ್ತೆ. ಆಮೇಲೆ ಪಾದ ಸ್ವಲ್ಪ ಒಳಕ್ಕೆ ಹೊರಳುತ್ತೆ, ಕಮಾನು ಒಂಚೂರು ತಗ್ಗುತ್ತೆ. ಇದೇ ಪ್ರೊನೇಷನ್. ಇದು ದೋಷವಲ್ಲ, ಏಟು ತಡೆಯಲು ಪಾದಕ್ಕಿರುವ ಸ್ಪ್ರಿಂಗ್. ಕೆಲವರಿಗೆ ಈ ಹೊರಳು ಅತಿಯಾಗಿ, ಪಾದ ಒಳಕ್ಕೆ ಕುಸಿದ ಹಾಗಾಗುತ್ತೆ. ಅಂಥವರಿಗೆ ಒಳಬದಿಯಲ್ಲಿ ಗಟ್ಟಿ ಫೋಮ್ ಇಟ್ಟು, 'ಇನ್ನು ಒಳಗೆ ಬರಬೇಡ' ಅಂತ ತಡೆಯುವುದು ಸ್ಟೆಬಿಲಿಟಿ ಶೂವಿನ ಕೆಲಸ.

ಎತ್ತರದ ಕಮಾನಿನ ಪಾದದ ಕಥೆ ಉಲ್ಟಾ. ಅದು ಬಿಗಿ, ಒಳಕ್ಕೆ ಹೊರಳುವುದೇ ಕಮ್ಮಿ. ಭಾರ ಹೊರಅಂಚಿನಲ್ಲೇ ಉಳಿದುಬಿಡುತ್ತೆ. ಇದನ್ನೇ ಸುಪಿನೇಷನ್ ಅನ್ನುವುದು. ನಡುಪಾದ ನೆಲಕ್ಕೆ ಸರಿಯಾಗಿ ತಾಗದ ಕಾರಣ ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರೇ ಜಾಗ ಮೈಯ ಭಾರವನ್ನೆಲ್ಲ ಹೊರುತ್ತವೆ. ಇಂಥ ಪಾದದ ಒಳಬದಿಗೆ ಗಟ್ಟಿ ಫೋಮ್ ಕೊಟ್ಟರೆ ಇದ್ದ ಚೂರುಪಾರು ಹೊರಳೂ ನಿಂತುಹೋಗುತ್ತೆ, ಭಾರ ಇನ್ನಷ್ಟು ಹೊರಕ್ಕೆ ಜಾರುತ್ತೆ. ಮೊದಲೇ ಹೊರಗೆ ವಾಲಿದ ಬೇಲಿ ಕಂಬಕ್ಕೆ ಒಳಗಡೆಯಿಂದ ಊರೆ ಕೊಟ್ಟು ತಳ್ಳಿದ ಹಾಗೆ.

ಈ ವಾಲುವಿಕೆಯನ್ನು ಹಿಡಿದು ನಿಲ್ಲಿಸೋಕೆ ಹೊರಗಿನ ಗಂಟಿನ ಹಿಂದಿನಿಂದ ಇಳಿಯುವ ಪೆರೋನಿಯಲ್ ಅನ್ನುವ ಎರಡು ಸ್ನಾಯುಗಳಿವೆ. ಪ್ರತಿ ಹೆಜ್ಜೆಗೂ ಅವು ಜಗ್ಗಬೇಕು. ಒಂದು ದಿನ ಸೋಲುತ್ತವೆ. ಮೇಡಂಗೆ ನೋಯುತ್ತಿದ್ದದ್ದು ಸರಿಯಾಗಿ ಅಲ್ಲೇ. ಪಾದವನ್ನು ಹೊರಕ್ಕೆ ತಳ್ಳಿ ಅಂತ ಹೇಳಿ ನಾನು ಕೈ ಅಡ್ಡ ಹಿಡಿದರೆ ಮುಖ ಕಿವುಚಿಕೊಂಡರು.

ಅವರನ್ನು ಬರಿಗಾಲಲ್ಲಿ ನನ್ನ ಎದುರಿಗೆ ನಿಲ್ಲಿಸಿದೆ, ಪಾದ ನೇರ ಮುಂದಕ್ಕೆ. ಸಾಮಾನ್ಯವಾಗಿ ಎದುರಿನಿಂದ ನೋಡಿದರೆ ಹಿಮ್ಮಡಿ ಕಾಣಬಾರದು, ಗಂಟಿನ ಹಿಂದೆ ಮರೆಯಾಗಿರಬೇಕು. ಇವರದ್ದು ಎರಡೂ ಕಾಲಲ್ಲಿ ಒಳಬದಿಯಿಂದ ಇಣುಕುತ್ತಿತ್ತು. ಹಿಂದಿನಿಂದ ನೋಡಿದರೆ ಹಿಮ್ಮಡಿಯ ತಳ ಒಳಗಡೆಗೆ ಸರಿದು, ಗಂಟು ಹೊರಕ್ಕೆ ವಾಲಿತ್ತು. ಅಂಗಾಲಿನಲ್ಲಿ ಹೆಬ್ಬೆರಳಿನ ಬುಡಕ್ಕೊಂದು, ಕಿರುಬೆರಳಿನ ಬುಡಕ್ಕೊಂದು ದಡ್ಡು. ಮನೆಯ ಕೆಂಪು ನೆಲದ ಮೇಲೆ ಒದ್ದೆ ಕಾಲಿಟ್ಟರೆ ಹಿಮ್ಮಡಿ ಒಂದು ಕಡೆ, ಬೆರಳು ಒಂದು ಕಡೆ ಮೂಡುತ್ತೆ, ನಡುವೆ ಖಾಲಿ ಅಂತ ಅವರೇ ಹೇಳಿದರು. ಒದ್ದೆ ಹೆಜ್ಜೆ ಕಮಾನಿನ ಎತ್ತರ ಹೇಳುತ್ತೆ ಅಷ್ಟೆ. ಪಾದ ಎಷ್ಟು ಬಿಗಿ, ನಡೆಯುವಾಗ ಏನು ಮಾಡುತ್ತೆ ಅನ್ನುವುದನ್ನು ಹೇಳುವುದಿಲ್ಲ.

ಅದಕ್ಕೆ ನನ್ನ ಹತ್ತಿರ ಎರಡೂವರೆ ಸೆಂಟಿಮೀಟರ್ ದಪ್ಪದ ಒಂದು ಹಲಗೆ ತುಂಡಿದೆ. ಹಿಮ್ಮಡಿ ಮತ್ತು ಪಾದದ ಹೊರಅಂಚು ಹಲಗೆಯ ಮೇಲೆ, ಹೆಬ್ಬೆರಳಿನ ಬುಡ ಮಾತ್ರ ಹಲಗೆಯಿಂದ ಕೆಳಕ್ಕೆ ಇಳಿಯುವ ಹಾಗೆ ನಿಲ್ಲಿಸುತ್ತೇನೆ. ಕೋಲ್‌ಮನ್ ಬ್ಲಾಕ್ ಟೆಸ್ಟ್ ಅಂತ ಇದರ ಹೆಸರು. ಮೇಡಂ ನಿಂತಾಗ ವಾಲಿದ್ದ ಹಿಮ್ಮಡಿ ಹೆಚ್ಚುಕಮ್ಮಿ ನೆಟ್ಟಗಾಯಿತು. ಅಂದರೆ ಹಿಮ್ಮಡಿ ಇನ್ನೂ ಗಡಸಾಗಿಲ್ಲ. ಹೆಬ್ಬೆರಳಿನ ಬುಡ ಕೆಳಕ್ಕೆ ಚಾಚಿಕೊಂಡು ಇಡೀ ಪಾದವನ್ನು ಹೊರಕ್ಕೆ ತಳ್ಳುತ್ತಿದೆ. ಇದು ಒಳ್ಳೆ ಸುದ್ದಿ. ಇಂಥ ಪಾದ ಶೂ, ಶೂ ಒಳಗೆ ಹಾಕುವ ಇನ್ಸೋಲ್, ವ್ಯಾಯಾಮದ ಮಾತು ಕೇಳುತ್ತೆ. ಹಲಗೆ ಮೇಲೂ ನೆಟ್ಟಗಾಗದಿದ್ದರೆ ಶೂ ಬದಲಿಸಿ ಸುಮ್ನೆ ಕೂರದೆ ಮೂಳೆ ಡಾಕ್ಟರಿಗೆ ತೋರಿಸಲು ಹೇಳುತ್ತೇನೆ.

ಕಿರುಬೆರಳಿನಿಂದ ಹಿಂದಕ್ಕೆ ಹೋಗುವ ಉದ್ದ ಮೂಳೆಯ ಬುಡ, ಅಂದರೆ ಪಾದದ ಹೊರಅಂಚಿನ ನಡುಭಾಗ, ಒತ್ತಿದಾಗ ಒಂಚೂರು ನೋವು ಅಂದರು. ಹೊರಅಂಚಿನ ಮೇಲೆ ನಡೆಯುವವರಿಗೆ ಅಲ್ಲಿ ಸಣ್ಣ ಬಿರುಕು ಬಿಡುವುದುಂಟು, ಅದು ಕೂಡಿಕೊಳ್ಳುವುದೂ ನಿಧಾನ. ಎಕ್ಸ್‌ರೇ ಮಾಡಿಸಿದೆವು. ಬಿರುಕು ಇರಲಿಲ್ಲ.

"ಹಂಗಾದ್ರೆ ನನ್ನ ಹಳೇ ಶೂ ಹಿಂದುಗಡೆ ಹೊರಗೇ ಸವೆದಿತ್ತು, ಅದೂ ಇದೇ ಲಕ್ಷಣನಾ?" ಅಂತ ಕೇಳಿದರು. ಅಲ್ಲ. ಹಿಮ್ಮಡಿಯ ಹೊರಮೂಲೆ ಬಹುತೇಕ ಎಲ್ಲರದ್ದೂ ಸವೆಯುತ್ತೆ, ಮೊದಲು ನೆಲಕ್ಕೆ ತಾಗುವುದು ಅದೇ ತಾನೆ. ನೋಡಬೇಕಾದ್ದು ಮುಂದಿನ ಭಾಗವನ್ನು. ಕಿರುಬೆರಳಿನ ಕೆಳಗಿನ ಅಟ್ಟೆಯೂ ಸವೆದಿದ್ದರೆ, ಟೇಬಲ್ ಮೇಲಿಟ್ಟು ಹಿಂದಿನಿಂದ ನೋಡಿದಾಗ ಶೂ ಹೊರಕ್ಕೆ ವಾಲಿ ನಿಂತಿದ್ದರೆ, ಆಗ ಅನುಮಾನ ಪಡಿ.

ಇಷ್ಟೆಲ್ಲ ಆದ ಮೇಲೆ ಶೂವಿನ ಮಾತು. ಅವರಿಗೆ ಬೇಕಾಗಿದ್ದದ್ದು ನ್ಯೂಟ್ರಲ್ ಶೂ: ಒಳಗೂ ಹೊರಗೂ ಒಂದೇ ಫೋಮ್ ಇರುವ, ಮೆತ್ತೆ ಚೆನ್ನಾಗಿರುವ ಶೂ. ತನ್ನ ಕೈಲಾಗದ ಏಟು ತಡೆಯುವ ಕೆಲಸವನ್ನು ಆ ಪಾದ ಮೆತ್ತೆಗೆ ವಹಿಸಬೇಕು. ಒಂದೇ ಕಂಪನಿ ಎರಡೂ ಬಗೆ ಮಾಡುತ್ತೆ, ಹಾಗಾಗಿ ಬ್ರಾಂಡ್ ಹೆಸರು ಕೇಳಿ ಪ್ರಯೋಜನವಿಲ್ಲ. ಏಸಿಕ್ಸ್‌ನಲ್ಲಿ ನಿಂಬಸ್ ನ್ಯೂಟ್ರಲ್, ಕಯಾನೊ ಸ್ಟೆಬಿಲಿಟಿ. ಬ್ರೂಕ್ಸ್‌ನಲ್ಲಿ ಘೋಸ್ಟ್ ನ್ಯೂಟ್ರಲ್, ಅಡ್ರಿನಲಿನ್ ಸ್ಟೆಬಿಲಿಟಿ. ಇದು ಶಿಫಾರಸು ಅಲ್ಲ, ಉದಾಹರಣೆ. ಈಗಿನ ಎಷ್ಟೋ ಸ್ಟೆಬಿಲಿಟಿ ಮಾಡೆಲ್‌ಗಳಲ್ಲಿ ಬೂದು ಫೋಮ್ ಇರುವುದಿಲ್ಲ, ಹಿಮ್ಮಡಿಯ ಎರಡೂ ಬದಿಗೆ ದಂಡೆ ಎತ್ತರಿಸಿರುತ್ತಾರೆ. ಅವು ಅಷ್ಟು ಜೋರಾಗಿ ತಳ್ಳುವುದಿಲ್ಲ. ಆದರೂ ಇಂಥ ಪಾದಕ್ಕೆ ನಾನು ಮೊದಲು ನ್ಯೂಟ್ರಲ್ ಕಡೆಗೇ ಕಳಿಸುತ್ತೇನೆ.

ಮೆತ್ತೆ ಅಂದ ತಕ್ಷಣ ಹತ್ತಿ ದಿಂಬಿನಂಥದ್ದನ್ನು ಹುಡುಕಬೇಡಿ. ಈ ತಪ್ಪನ್ನೂ ಜಾಸ್ತಿ ನೋಡುತ್ತೇನೆ. ಭಾರ ಹೊರಅಂಚಿನ ಮೇಲೆ ಬಿದ್ದಾಗ ತೀರಾ ಮೆತ್ತಗಿನ ಫೋಮ್ ಆ ಬದಿಯಲ್ಲೇ ಕುಗ್ಗುತ್ತೆ, ಕಾಲು ಮತ್ತೆ ಹೊರಕ್ಕೇ ವಾಲುತ್ತೆ. ತಳ ಕಿರಿದಾಗಿ ಎತ್ತರವೂ ಜಾಸ್ತಿಯಿದ್ದರೆ ಇನ್ನೂ ಕಷ್ಟ. ತಳ ಅಗಲವಾಗಿರಬೇಕು, ಒತ್ತಿದರೆ ತಗ್ಗಿ ಕೂಡಲೇ ಮೇಲೆ ಬರುವ ಫೋಮ್ ಇರಬೇಕು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಶೂ ಹಾಕಿ, ಲೇಸ್ ಕಟ್ಟಿ, ಒಂದೊಂದೇ ಕಾಲಲ್ಲಿ ಅರ್ಧ ನಿಮಿಷ ನಿಲ್ಲಿ. ಬರಿಗಾಲಿಗಿಂತ ಜಾಸ್ತಿ ತೂಗಾಡಿದರೆ ಬಾಕ್ಸಿಗೆ ವಾಪಸ್ ಹಾಕಿ. ನಾಚಿಕೆ ಬೇಡ, ಮೇಡಂ ಹಾಗೇ ಮೂರು ಜೊತೆ ವಾಪಸ್ ಕೊಟ್ಟು ನಾಲ್ಕನೆಯದು ತಗೊಂಡರು.

ಇಂಥವರಿಗೆ ಪಾದದ ಮೇಲ್ಭಾಗವೂ ಉಬ್ಬಿರುತ್ತೆ, ಲೇಸ್ ಅಲ್ಲಿ ಕಚ್ಚುತ್ತೆ. ಉಬ್ಬಿನ ಜಾಗದಲ್ಲಿ ಲೇಸನ್ನು ಅಡ್ಡ ಹಾಯಿಸದೆ, ಅದೇ ಬದಿಯ ಮೇಲಿನ ತೂತಿಗೆ ನೇರವಾಗಿ ತೂರಿಸಿ. ಆಮೇಲೆ ಎಂದಿನಂತೆ ಕಟ್ಟಿ. ಒತ್ತಡ ಬಿಟ್ಟುಹೋಗುತ್ತೆ.

ಪಾದ ಒಳಕ್ಕೆ ಹೊರಳದಂತೆ ತಡೆಯುವುದು ಸಪೋರ್ಟಿನ ಒಂದು ಅರ್ಥ. ಈಗ ಇನ್ನೊಂದಕ್ಕೆ ಬರೋಣ. ಖಾಲಿ ಬಿದ್ದಿರುವ ನಡುಪಾದಕ್ಕೆ ಇನ್ಸೋಲ್ ತಾಗಿಕೊಂಡರೆ, ಮೂರೇ ಜಾಗ ಹೊರುತ್ತಿದ್ದ ಭಾರ ಅಂಗಾಲಿಗೆಲ್ಲ ಹಂಚಿಹೋಗುತ್ತೆ. ಇದು ಉಪಯೋಗ. ಆಸ್ಟ್ರೇಲಿಯಾದಲ್ಲಿ ಎತ್ತರದ ಕಮಾನಿದ್ದು ಪಾದ ನೋಯುತ್ತಿದ್ದ 154 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಳತೆ ತೆಗೆದು ಮಾಡಿದ ಇನ್ಸೋಲ್ ಮೂರು ತಿಂಗಳಲ್ಲಿ ಸಾದಾ ಇನ್ಸೋಲಿಗಿಂತ ಹೆಚ್ಚು ನೋವು ಇಳಿಸಿತು. ಸಾದಾ ಇನ್ಸೋಲ್ ಹಾಕಿದವರಿಗೂ ಅಷ್ಟಿಷ್ಟು ಕಮ್ಮಿಯಾಗಿತ್ತು, ಅದನ್ನೂ ಹೇಳಬೇಕು. ಮೇಡಂಗೆ ಮಾಡಿಸಿದ್ದರಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಒಂದು ಸಣ್ಣ ಗುಳಿ ಇತ್ತು. ಹಲಗೆ ಮೇಲೆ ನಿಂತಾಗ ಆ ಜಾಗ ಕೆಳಕ್ಕೆ ಇಳಿದಿತ್ತಲ್ಲ, ಅದೇ ಲೆಕ್ಕ. ಕಮಾನನ್ನು ಮೇಲಕ್ಕೆ ಚುಚ್ಚುವ ಗಟ್ಟಿ ಪ್ಲಾಸ್ಟಿಕ್ ಇನ್ಸೋಲ್ ತಂದಿಟ್ಟರೆ ಮಾತ್ರ ಮತ್ತೆ ಹಳೇ ರಾಗ, ಪಾದ ಹೊರಕ್ಕೆ.

ಹಾಗಂತ ಕಮಾನು ಎತ್ತರ ಇರುವ ಎಲ್ಲರೂ ಶೂ ಬದಲಿಸಬೇಕಿಲ್ಲ. ಅಮೆರಿಕದ ಸೇನೆ, ವಾಯುಪಡೆ, ಮರೀನ್ ದಳದ ತರಬೇತಿಯಲ್ಲಿ ಕಮಾನಿನ ಆಕಾರ ನೋಡಿ ಶೂ ಹಂಚಿ ನೋಡಿದರು. 2009–10ರಲ್ಲಿ ಫಲಿತಾಂಶ ಬಂತು. ಹಾಗೆ ಹಂಚಿದ್ದರಿಂದ ಪೆಟ್ಟಾಗುವುದು ಕಮ್ಮಿಯೇನೂ ಆಗಲಿಲ್ಲ. ಅದಕ್ಕೇ ನೋವಿಲ್ಲದೆ, ಉಳುಕದೆ ಆರಾಮಾಗಿ ನಡೆಯುತ್ತಿರುವವರು ಯಾವ ಶೂ ಹಾಕಿದ್ದರೂ ನಾನು ಕೈ ಹಾಕುವುದಿಲ್ಲ. ನನ್ನ ಮಾತು ಹೊರಬದಿ ನೋಯುವವರಿಗೆ, ಪದೇಪದೇ ಕಾಲು ಉಳುಕುವವರಿಗೆ.

ಇನ್ನು ಕೆಲವರನ್ನು ಶೂ ಅಂಗಡಿಗೆ ಕಳಿಸಲೇಬಾರದು. ಒಂದೇ ಕಾಲಿನ ಕಮಾನು ಈಚೆಗೆ ಏರುತ್ತಿದ್ದರೆ, ಬೆರಳುಗಳು ಹದ್ದಿನ ಪಂಜದ ಥರ ಮಡಚಿಕೊಳ್ಳುತ್ತಿದ್ದರೆ, ಮೀನಖಂಡ ಸಣಕಲಾಗುತ್ತಿದ್ದರೆ, ಸಮ ನೆಲದಲ್ಲೂ ಎಡವುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಹೀಗೇ ಇದ್ದರೆ ಅದನ್ನೂ ಹೇಳಿ, ವಂಶದಲ್ಲಿ ಬರುವ ನರದ ಕಾಯಿಲೆ ಇರಬಹುದು. ಮೇಡಂಗೆ ಇದ್ಯಾವುದೂ ಇರಲಿಲ್ಲ. ಅವರ ಅಮ್ಮನಿಗೂ ಕಮಾನು ಎತ್ತರವಂತೆ, ಆದರೆ 70 ದಾಟಿದರೂ ಅವರಿಗೆ ಕಾಲಿನದೇನೂ ತೊಂದರೆಯಿಲ್ಲ.

ಶೂ ಜೊತೆಗೆ ವ್ಯಾಯಾಮ ಮೂರೇ ಕೊಟ್ಟೆ. ರಬ್ಬರ್ ಪಟ್ಟಿ ಕಟ್ಟಿ ಪಾದ ಹೊರಕ್ಕೆ ತಳ್ಳುವುದು, 15 ಸಲದಂತೆ ಮೂರು ಸುತ್ತು. ಒಂದೇ ಕಾಲಲ್ಲಿ ನಿಲ್ಲುವುದು, ಹಲ್ಲುಜ್ಜುವಾಗಲೇ ಮಾಡಿ ಅಂದೆ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವುದು. ಎರಡು ವಾರ ವಾಕಿಂಗ್ ಅರ್ಧಕ್ಕೆ ಇಳಿಸಿ, ಕೆರೆಯ ಮಣ್ಣಿನ ದಾರಿ ಬಿಟ್ಟು ಸಮತಟ್ಟಾದ ರಸ್ತೆಯಲ್ಲಿ ನಡೆದರು.

ಎಂಟನೇ ವಾರ ಬಂದಾಗ ನೋವು ಬಹುಪಾಲು ಇಳಿದಿತ್ತು. ಕೆರೆ ಸುತ್ತು ಮತ್ತೆ ಶುರುವಾಗಿತ್ತು. ಆದರೆ ನೋವು ಪೂರ್ತಿ ಹೋಗಿರಲಿಲ್ಲ, ಐದು ಪೀರಿಯಡ್ ಮುಗಿದ ಸಂಜೆ ಗಂಟಿನ ಹಿಂದೆ ಸ್ವಲ್ಪ ಬಿಗಿ. ಏನು ಹಾಕಿಕೊಂಡು ಪಾಠ ಮಾಡ್ತೀರಿ ಅಂತ ಕೇಳಿದೆ. "ಸೀರೆಗೆ ಶೂ ಚೆನ್ನಾಗಿರಲ್ಲ ಅಂತ ಹಳೇ ಚಪ್ಪಲಿ" ಅಂದರು. ತೆಗೆದು ತಿರುಗಿಸಿ ನೋಡಿದರೆ ಕಿರುಬೆರಳಿನ ಕಡೆ ಅಟ್ಟೆ ಕಾಗದದಷ್ಟು ತೆಳುವಾಗಿತ್ತು.